ನಾಯಿಕಡಿತ: ಮಕ್ಕಳಿಗೆ ಮುಂಚಿತ ರೇಬೀಸ್ ಲಸಿಕೆಯೋ, ಕಡಿತದ ನಂತರದ ಚಿಕಿತ್ಸೆಯ ಬಲಪಡಿಸುವಿಕೆಯೋ? ಒಂದು ವೆಚ್ಚ-ಪರಿಣಾಮ ವಿಶ್ಲೇಷಣೆ

(ಮಂಜೇಶ್ವರ ಭಾಗದ ನಾಲ್ಕು ಗ್ರಾಮ ಪಂಚಾಯತುಗಳ ಜಂಟಿ ಆರೋಗ್ಯ ಸಮಿತಿಯ ಪರಿಶೀಲನೆಗೆ)

ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಮುಂದಿಟ್ಟ ಬೇಡಿಕೆ ಸ್ಪಷ್ಟವಾಗಿತ್ತು: ಐದರಿಂದ ಹತ್ತು ವರ್ಷದ ಎಲ್ಲ ಶಾಲಾಮಕ್ಕಳಿಗೂ ನಾಯಿ ಕಚ್ಚುವ ಮೊದಲೇ ರೇಬೀಸ್ ಲಸಿಕೆ ಹಾಕಿಸಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ತೀರಾ ಅಪರೂಪವಾದ್ದರಿಂದ ಈ ಬೇಡಿಕೆಯ ಹಿಂದಿರುವ ಕಳಕಳಿಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಸಮಿತಿಯ ಮುಂದೆ ಇನ್ನೊಂದು ಪ್ರಸ್ತಾವವೂ ಇದೆ. ಕಚ್ಚಿಸಿಕೊಂಡ ಪ್ರತಿ ಮಗುವಿನ ಬೆನ್ನು ಹತ್ತಿ, ಎಲ್ಲ ಚುಚ್ಚುಮದ್ದುಗಳೂ ಮುಗಿಯುವ ತನಕ ನೋಡಿಕೊಳ್ಳುವುದು ಅದರ ಸಾರ. ಈ ಎರಡರಲ್ಲಿ ಹಣ ಎಲ್ಲಿ ಹಾಕಬೇಕು ಎಂಬುದಷ್ಟೇ ಈ ವರದಿಯ ಪ್ರಶ್ನೆ. ಕೆಳಗೆ ಬಳಸಿದ ಕಡಿತದ ಪ್ರಮಾಣ, ದರ ಮತ್ತು ಖರ್ಚುಗಳು ಲೆಕ್ಕಕ್ಕಾಗಿ ನಾವು ಹಿಡಿದುಕೊಂಡ ಊಹೆಗಳು. ಅವುಗಳನ್ನು ಬದಲಿಸಿದರೆ ಉತ್ತರ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ತೋರಿಸಿದ್ದೇವೆ.

ಹೋಲಿಸುವ ಆಯ್ಕೆಗಳು

ಈಗ ನಡೆಯುತ್ತಿರುವುದು ಹೀಗೆ. ನಾಯಿ ಕಚ್ಚಿದ ಮಗುವಿಗೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದ ಬಳಿಕ, ಚರ್ಮದೊಳಗೆ 0.1 ಮಿಲಿಲೀಟರಿನಂತೆ ಎರಡು ಕಡೆ, 0, 3, 7 ಮತ್ತು 28ನೇ ದಿನಗಳಲ್ಲಿ ಲಸಿಕೆ ಕೊಡುತ್ತಾರೆ. ಚರ್ಮ ಸೀಳಿ ರಕ್ತ ಬಂದ ಮೂರನೇ ವರ್ಗದ ಗಾಯವಾದರೆ ಜೊತೆಗೆ ಇಮ್ಯುನೊಗ್ಲೊಬ್ಯುಲಿನ್, ಅಂದರೆ ಆಸ್ಪತ್ರೆಯಲ್ಲಿ ನಾವೆಲ್ಲ ‘ಸೀರಂ’ ಎನ್ನುವುದು, ಗಾಯದ ಸುತ್ತ ಕೊಡಬೇಕಾಗುತ್ತದೆ.

ಆಯ್ಕೆ ‘ಅ’ ಇದನ್ನೇ ಬಲಪಡಿಸುತ್ತದೆ: ಆಶಾ ಕಾರ್ಯಕರ್ತೆಯರ ಫೋನ್ ಕರೆ, ಬಸ್ಸು ಅಥವಾ ಆಟೋ ಬಾಡಿಗೆ, ಸೀರಂ ಇರುವ ಆಸ್ಪತ್ರೆಗೆ ಅದೇ ದಿನ ತಲುಪಿಸುವ ವ್ಯವಸ್ಥೆ. ಆಯ್ಕೆ ‘ಆ’ ಎಂದರೆ ‘ಅ’ದ ಎಲ್ಲವೂ ಸೇರಿ, ಅದರ ಮೇಲೆ ಶಾಲೆಯಲ್ಲೇ 0 ಮತ್ತು 7ನೇ ದಿನ ಮುಂಚಿತ ಲಸಿಕೆ. ಹೀಗೆ ಲಸಿಕೆ ಪಡೆದ ಮಗುವಿಗೆ ಮುಂದೆ ನಾಯಿ ಕಚ್ಚಿದರೆ ಸೀರಂ ಬೇಕಿಲ್ಲ, ಬೂಸ್ಟರ್ ಸಾಕು. ಇದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗದರ್ಶನದಲ್ಲೇ ಇದೆ. ಕಚ್ಚಿದ ಮೇಲೆ ಆಸ್ಪತ್ರೆಗೆ ಹೋಗಲೇಬೇಕಾಗಿಲ್ಲ ಎಂದು ಕೆಲವು ಪೋಷಕರು ತಿಳಿದುಕೊಂಡಿದ್ದಾರೆ, ಅದು ತಪ್ಪು.

ಕಡಿತದ ರಿಜಿಸ್ಟರನ್ನು ತೆರೆದು ನೋಡಿದರೆ ಕೊರತೆ ಎಲ್ಲಿದೆ ಎಂಬುದು ಕಣ್ಣಿಗೆ ರಾಚುತ್ತದೆ. 0 ಮತ್ತು 3ನೇ ದಿನದ ಕಾಲಂಗಳು ತುಂಬಿರುತ್ತವೆ, 7ರಲ್ಲಿ ಅಲ್ಲಲ್ಲಿ ಖಾಲಿ, 28ನೇ ದಿನದ ಕಾಲಂನಲ್ಲಿ ಬಿಳಿ ಜಾಗವೇ ಹೆಚ್ಚು. ಬೀಡಿ ಕಟ್ಟುವ ತಾಯಿ ನಾಲ್ಕನೆಯ ಬಾರಿಗೆ ಒಂದು ದಿನದ ಕೂಲಿ ಬಿಟ್ಟು ಬರುವುದು ಸುಲಭವಲ್ಲ. ಆದರೆ ಖಾಲಿ ಇರುವುದೆಲ್ಲ ಬಿಟ್ಟುಹೋದ ಚುಚ್ಚುಮದ್ದೂ ಅಲ್ಲ. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಲ್ಲಿ ಉಳಿದ ಡೋಸು ಹಾಕಿಸಿಕೊಂಡ ಮಕ್ಕಳ ವಿವರ ಇಲ್ಲಿಗೆ ಬರುವುದೇ ಇಲ್ಲ. ಗಡಿಯೂರಿನ ದಾಖಲೆಯ ಪಾಡೇ ಇದು. ಆದ್ದರಿಂದ, ರಕ್ಷಣೆಗೆ ಸಾಕಾಗುವಷ್ಟು ಚಿಕಿತ್ಸೆ ಸಿಗದವರು ನೂರಕ್ಕೆ ಹತ್ತು ಮಂದಿ ಎಂದು ಹಿಡಿದಿದ್ದೇವೆ. ‘ಅ’ ಜಾರಿಯಾದರೆ ಅದು ಎರಡಕ್ಕೆ ಇಳಿಯುತ್ತದೆ ಎಂಬುದು ನಿರೀಕ್ಷೆ.

ಲೆಕ್ಕದ ನೆಲೆ

10,000 ಮಕ್ಕಳು, ಐದು ವರ್ಷ. ವರ್ಷಕ್ಕೆ ನೂರರಲ್ಲಿ 1.5 ಮಕ್ಕಳಿಗೆ ಕಡಿತವೆಂದರೆ ಒಟ್ಟು 750 ಕಡಿತ. ಅವುಗಳಲ್ಲಿ ನೂರಕ್ಕೆ 5 ಹುಚ್ಚುನಾಯಿಯದ್ದು, ಅಂಥ ಕಡಿತಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವಿನ ಸಂಭವ ನೂರಕ್ಕೆ 19 ಎಂದಿಟ್ಟುಕೊಂಡರೆ, ಈಗಿನ ಪದ್ಧತಿಯಲ್ಲಿ ನಿರೀಕ್ಷಿತ ಸಾವು 0.71. ಮುಕ್ಕಾಲು ಮಗು ಸಾಯುವುದು ಎಂಬ ಮಾತು ಕೇಳಲು ಕ್ರೂರವಾಗಿದೆ. ಇಂಥ ನಾಲ್ಕು ಗುಂಪುಗಳಿದ್ದರೆ ಐದು ವರ್ಷದಲ್ಲಿ ಸುಮಾರು ಮೂರು ಮಕ್ಕಳು ಎಂದಷ್ಟೇ ಅದರ ಅರ್ಥ.

ಫಲವನ್ನು ‘ಡಾಲಿ’ಯಲ್ಲಿ ಅಳೆದಿದ್ದೇವೆ. ಅಕಾಲ ಮರಣ ಮತ್ತು ಕಾಯಿಲೆಯಿಂದ ಕಳೆದುಹೋಗುವ ಆರೋಗ್ಯವಂತ ವರ್ಷಗಳ ಲೆಕ್ಕ ಅದು. ಮುಂದೆ ಬರಲಿರುವ ವರ್ಷಗಳ ಬೆಲೆಯನ್ನು ವರ್ಷಕ್ಕೆ 3 ಶೇಕಡಾ ತಗ್ಗಿಸಿದರೆ ಎಂಟರ ಆಸುಪಾಸಿನ ಮಗುವಿನ ಒಂದು ಸಾವು ತಪ್ಪಿದಾಗ ಉಳಿಯುವುದು ಸುಮಾರು 28 ವರ್ಷ.

ಖರ್ಚಿಗೆ ಬಂದರೆ, ‘ಅ’ಕ್ಕೆ ಪ್ರತಿ ಕಡಿತದ ಹಿಂಬಾಲಿಕೆಗೆ ₹600ರಂತೆ ₹4.5 ಲಕ್ಷ, ಹೊಸದಾಗಿ ಚಿಕಿತ್ಸೆ ಪೂರ್ಣಗೊಳಿಸುವ 60 ಮಕ್ಕಳ ಲಸಿಕೆ ಮತ್ತು ಸೀರಮ್ಮಿಗೆ ₹1.5 ಲಕ್ಷ, ತರಬೇತಿ ಹಾಗೂ ಸಾಗಾಟಕ್ಕೆ ₹1.5 ಲಕ್ಷ, ಒಟ್ಟು ₹7.5 ಲಕ್ಷ. ಮುಂಚಿತ ಲಸಿಕೆಗೆ, ತೆರೆದ ಬಾಟಲಿಯಲ್ಲಿ ಹಾಳಾಗುವುದನ್ನೂ ಸೇರಿಸಿ, ಮಗುವಿಗೆ ₹250. ನೂರರಲ್ಲಿ 85 ಮಕ್ಕಳು ಎರಡೂ ದಿನ ಶಾಲೆಯಲ್ಲಿ ಸಿಕ್ಕರೆ ₹21.25 ಲಕ್ಷವಾಗುತ್ತದೆ. ಮುಂದೆ ಕಚ್ಚಿದಾಗ ಸೀರಂ ಮತ್ತು ಲಸಿಕೆಯಲ್ಲಿ ಉಳಿತಾಯವಾಗುವ ₹3.3 ಲಕ್ಷವನ್ನು ಕಳೆದರೆ ನಿವ್ವಳ ₹17.9 ಲಕ್ಷ. ಲಸಿಕೆ ಪಡೆದ ಮಗುವಿನಲ್ಲಿ, ‘ಅ’ದ ನಂತರವೂ ಉಳಿಯುವ ಸಾವಿನ ಅಪಾಯದ ನೂರಕ್ಕೆ 90 ಪಾಲು ನೀಗುತ್ತದೆಂದು ಹಿಡಿದಿದ್ದೇವೆ.

ಫಲಿತಾಂಶ

| ಆಯ್ಕೆ | ಈಗಿನದ್ದಕ್ಕಿಂತ ಹೆಚ್ಚು ವೆಚ್ಚ | ತಪ್ಪಿದ ಡಾಲಿ | ಈಗಿನ ಪದ್ಧತಿಗೆ ಹೋಲಿಸಿದ ಅನುಪಾತ | ಹಿಂದಿನ ಸಾಲಿಗೆ ಹೋಲಿಸಿದ ಅನುಪಾತ |
|---|---|---|---|---|
| ಅ | ₹7.5 ಲಕ್ಷ | 16.0 | ₹47,000 | ₹47,000 |
| ಆ | ₹25.4 ಲಕ್ಷ | 19.0 | ₹1.34 ಲಕ್ಷ | ₹5.88 ಲಕ್ಷ |

ಈ ಕೋಷ್ಟಕದ ಕೊನೆಯ ಎರಡು ಕಾಲಂಗಳ ನಡುವಿನ ಅಂತರವೇ ಇಡೀ ವರದಿಯ ತಿರುಳು. ‘ಆ’ವನ್ನು ಈಗಿನ ಪದ್ಧತಿಯೊಂದಿಗೆ ನೇರವಾಗಿ ಹೋಲಿಸಿದರೆ ಒಂದು ಡಾಲಿಗೆ ₹1.34 ಲಕ್ಷ, ಇದು ಯಾರಿಗೂ ದುಬಾರಿ ಎನಿಸದು. ಆದರೆ ಆ 19ರಲ್ಲಿ 16ನ್ನು ತಂದುಕೊಟ್ಟದ್ದು ಅಗ್ಗದ ‘ಅ’. ಮುಂಚಿತ ಲಸಿಕೆ ತನ್ನದೇ ಆಗಿ ಸೇರಿಸುವುದು ಮೂರೇ ಡಾಲಿ, ಅದಕ್ಕೆ ತಗಲುವುದು ₹17.9 ಲಕ್ಷ. ಕೇಳಬೇಕಾದ ಲೆಕ್ಕ ಇದು:

ಹೆಚ್ಚುವರಿ ಅನುಪಾತ = (‘ಆ’ದ ವೆಚ್ಚ − ‘ಅ’ದ ವೆಚ್ಚ) ÷ (‘ಆ’ದ ಫಲ − ‘ಅ’ದ ಫಲ)

‘ಅ’ವನ್ನು ಕೈಬಿಟ್ಟು ಮುಂಚಿತ ಲಸಿಕೆಯನ್ನು ಮಾತ್ರ ಕೊಟ್ಟರೆ ಏನಾದೀತು ಎಂದೂ ಲೆಕ್ಕ ಹಾಕಿದೆವು. ಸುಮಾರು ₹17.9 ಲಕ್ಷಕ್ಕೆ 15.3 ಡಾಲಿ. ಅಂದರೆ ‘ಅ’ಕ್ಕಿಂತ ವೆಚ್ಚ ಹೆಚ್ಚು, ಫಲ ಕಡಿಮೆ, ಅನುಪಾತ ತೆಗೆಯುವ ಮೊದಲೇ ಅದು ಪಟ್ಟಿಯಿಂದ ಹೊರಗೆ. ಈಗಿನ ಪದ್ಧತಿಗೆ ಹೋಲಿಸಿದ ₹1.17 ಲಕ್ಷವೆಂಬ ಅಂಕಿಯೊಂದನ್ನೇ ಸಭೆಯಲ್ಲಿ ಓದಿದ್ದರೆ ಇದು ಪಾಸಾಗಿಬಿಡುತ್ತಿತ್ತು.

ಮಿತಿ ಎಷ್ಟು?

ಒಂದು ಡಾಲಿಗೆ ಎಷ್ಟು ಕೊಡಬಹುದು ಎಂಬುದಕ್ಕೆ 2001ರ ಸ್ಥೂಲ ಅರ್ಥಶಾಸ್ತ್ರ ಮತ್ತು ಆರೋಗ್ಯ ಆಯೋಗದ ವರದಿಯ ಬಳಿಕ ತಲಾ ದೇಶೀಯ ಉತ್ಪನ್ನದ ಒಂದರಿಂದ ಮೂರು ಪಟ್ಟು ಎಂಬ ವಾಡಿಕೆ ಬೆಳೆಯಿತು. ಮೂರು ಪಟ್ಟು ಎಂದರೆ ಹೆಚ್ಚುಕಡಿಮೆ ಯಾವ ಲಸಿಕೆಯೂ ದಾಟಿಹೋಗುವಷ್ಟು ಸಡಿಲವಾದ ಬಾಗಿಲು. ಅದನ್ನೊಂದೇ ತೀರ್ಮಾನದ ಅಳತೆಗೋಲಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ಮುಂದೆ ಎಚ್ಚರಿಸಿದರು. ಭಾರತದಲ್ಲಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ಕೆಲಸ ಒಂದು ಪಟ್ಟನ್ನು ಹಿಡಿದು ನಡೆಯುತ್ತದೆ. ನಾವು ಅದನ್ನು ಸುಮಾರಾಗಿ ₹2 ಲಕ್ಷ ಎಂದು ಇಟ್ಟುಕೊಂಡಿದ್ದೇವೆ. ‘ಅ’ ಈ ಗೆರೆಯ ಬಹಳ ಕೆಳಗಿದೆ, ‘ಆ’ದ ಹೆಚ್ಚುವರಿ ಅನುಪಾತ ಅದರ ಮೂರು ಪಟ್ಟಿಗೆ ಸಮೀಪ. ಗೆರೆಯ ಕೆಳಗಿದ್ದ ಮಾತ್ರಕ್ಕೆ ಕೈಯಲ್ಲಿ ಹಣ ಇದೆ ಎಂದಾಗುವುದಿಲ್ಲ ಎಂಬುದನ್ನೂ ಸಮಿತಿ ನೆನಪಿಡಬೇಕು. ಅದು ಬಜೆಟ್ಟಿನ ಪ್ರಶ್ನೆ, ಬೇರೆಯೇ.

ಊಹೆ ಬದಲಾದರೆ

ಉತ್ತರವನ್ನು ಅಲುಗಾಡಿಸುವುದು ಮುಖ್ಯವಾಗಿ ಕಡಿತದ ಪ್ರಮಾಣ. ವರ್ಷಕ್ಕೆ ನೂರರಲ್ಲಿ ಸುಮಾರು 3.4 ಮಕ್ಕಳಿಗೆ ಕಡಿತವಾಗುವಲ್ಲಿ ಹೆಚ್ಚುವರಿ ಅನುಪಾತ ₹2 ಲಕ್ಷಕ್ಕೆ ಬಂದು ನಿಲ್ಲುತ್ತದೆ, 5 ಆದರೆ ₹1 ಲಕ್ಷಕ್ಕೆ ಇಳಿಯುತ್ತದೆ. ಮುಂಚಿತ ಲಸಿಕೆಯ ಸಾಮೂಹಿಕ ಕಾರ್ಯಕ್ರಮವನ್ನು ಪರಿಗಣಿಸಲು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಗುರುತುಗಳಲ್ಲಿ ವರ್ಷಕ್ಕೆ 5 ಶೇಕಡಾ ಮೀರಿದ ಕಡಿತವೂ ಒಂದು; ನಮ್ಮ ಲೆಕ್ಕ ಅದಕ್ಕೆ ತಕ್ಕಂತೆಯೇ ಬಂದಿದೆ.

ಎರಡನೆಯದು ‘ಅ’ದ ಯಶಸ್ಸು. ಕೊರತೆ 2ಕ್ಕೆ ಇಳಿಯದೆ 6ರಲ್ಲೇ ನಿಂತರೆ ಮುಂಚಿತ ಲಸಿಕೆಯ ಅನುಪಾತ ₹1.96 ಲಕ್ಷವಾಗಿ ಗೆರೆಯ ಒಳಗೆ ಬರುತ್ತದೆ. ಆದ್ದರಿಂದ ಫೋನ್ ಕರೆ, ಬಾಡಿಗೆಯ ಕೆಲಸ ಕಾಗದದಲ್ಲೇ ಉಳಿದರೆ ಈ ವರದಿಯ ತೀರ್ಮಾನವೂ ಕಾಗದದಲ್ಲೇ ಉಳಿಯುತ್ತದೆ. ಲಸಿಕೆಯ ಫಲವನ್ನು ಐದರ ಬದಲು ಹತ್ತು ವರ್ಷ ಎಣಿಸಿದರೂ ಅನುಪಾತ ₹2.4 ಲಕ್ಷ, ಗೆರೆಯಿಂದ ಇನ್ನೂ ಮೇಲೆ. ಮುಂದಿನ ವರ್ಷಗಳ ಖರ್ಚಿನ ಬೆಲೆಯನ್ನು ಡಾಲಿಯಂತೆ ವರ್ಷವಾರು ತಗ್ಗಿಸಿಲ್ಲ. ತಗ್ಗಿಸಿದರೆ ಮೊದಲ ವರ್ಷವೇ ಹಣ ಕೇಳುವ ‘ಆ’ಕ್ಕೆ ಇನ್ನಷ್ಟು ಅನನುಕೂಲ.

ಕಡಲ ತೀರದ ವಾರ್ಡುಗಳ ಮಾತು ಬೇರೆ. ಮೀನು ಒಣಗಿಸುವ, ಹರಾಜು ಹಾಕುವ ಜಾಗಗಳ ಸುತ್ತ ನಾಯಿಗಳ ಹಿಂಡು ಸೇರುತ್ತದೆ, ಮಕ್ಕಳು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ. ಅಲ್ಲಿನ 1,500 ಮಕ್ಕಳಲ್ಲಿ ಕಡಿತ ನೂರಕ್ಕೆ 4 ಎಂದಾದರೆ ಹೆಚ್ಚುವರಿ ಅನುಪಾತ ₹1.5 ಲಕ್ಷ. ಉಳಿದ ವಾರ್ಡುಗಳಲ್ಲಿ ಆಗ ಕಡಿತ 1ರ ಆಸುಪಾಸಿಗೆ ಇಳಿಯುವುದರಿಂದ ಅಲ್ಲಿನ ಅನುಪಾತ ₹8 ಲಕ್ಷ ಮೀರುತ್ತದೆ. ಸರಾಸರಿಯೊಂದನ್ನೇ ಹಿಡಿದಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು.

ಇಲ್ಲಿ ಒಂದು ತೊಡಕನ್ನು ಹೇಳಲೇಬೇಕು. ಸೀರಂ ಉಳಿತಾಯದ ಹಣ ಆಸ್ಪತ್ರೆಯ ದಾಸ್ತಾನಿನಲ್ಲಿ ಉಳಿಯುತ್ತದೆಯೇ ಹೊರತು ಪಂಚಾಯತಿನ ಖಾತೆಗೆ ಬರುವುದಿಲ್ಲ. ಪಂಚಾಯತು ತನ್ನ ಕೈಯಿಂದ ಹೋದ ₹3.19 ಲಕ್ಷವನ್ನಷ್ಟೇ ಎಣಿಸಿದರೆ ಕಡಲ ತೀರದಲ್ಲೂ ಅನುಪಾತ ₹2.6 ಲಕ್ಷವಾಗಿ ಗೆರೆ ದಾಟುತ್ತದೆ. ನಾವು ಇಡೀ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಕಣ್ಣಿನಿಂದ ನೋಡಿದ್ದೇವೆ, ಏಕೆಂದರೆ ಎರಡೂ ಜೇಬಿನಲ್ಲಿರುವುದು ಜನರ ಹಣವೇ. ಪೋಷಕರ ಕೂಲಿ ನಷ್ಟ ಮತ್ತು ಕಡಿತದ ನಂತರದ ವಾರಗಳ ಭಯ ಈ ಲೆಕ್ಕದಲ್ಲಿಲ್ಲ. ಸೇರಿಸಿದ್ದರೆ ಮುಂಚಿತ ಲಸಿಕೆಯ ಪರವಾಗಿ ತಕ್ಕಡಿ ಸ್ವಲ್ಪ ವಾಲುತ್ತಿತ್ತು. ನಾಯಿಗಳಿಗೇ ಲಸಿಕೆ ಹಾಕುವ ಕೆಲಸ ಈ ಎರಡಕ್ಕೂ ಮಿಗಿಲಾದ ಬುನಾದಿ, ಆದರೆ ಅದು ಈ ಸಮಿತಿ ನಮಗೆ ಒಪ್ಪಿಸಿದ ಪ್ರಶ್ನೆಯಲ್ಲ.

ಶಿಫಾರಸು

‘ಅ’ವನ್ನು ನಾಲ್ಕೂ ಪಂಚಾಯತುಗಳಲ್ಲಿ ಮುಂದಿನ ಶಾಲಾವರ್ಷದಿಂದ ಜಾರಿ ಮಾಡಬೇಕು. ಕಡಲ ತೀರದ ವಾರ್ಡುಗಳಲ್ಲಿ ಮನೆಮನೆ ವಿಚಾರಣೆ ನಡೆಸಿ, ವರ್ಷಕ್ಕೆ ನೂರರಲ್ಲಿ 3.4ಕ್ಕಿಂತ ಹೆಚ್ಚು ಮಕ್ಕಳಿಗೆ ಕಡಿತವಾಗಿರುವುದು ಖಚಿತವಾದರೆ ಅಲ್ಲಿ ಮಾತ್ರ ಮುಂಚಿತ ಲಸಿಕೆ ಕೊಡಬೇಕು. ಅದಕ್ಕೆ ಬೇಕಾಗುವ ₹3.19 ಲಕ್ಷದಲ್ಲಿ ಒಂದು ಪಾಲನ್ನು ಭರಿಸುವಂತೆ ಜಿಲ್ಲಾ ಮಟ್ಟದಲ್ಲಿ ಕೇಳಬೇಕು. ಮಂಗಳೂರಿನಲ್ಲಿ ಹಾಕಿಸಿಕೊಂಡ ಡೋಸುಗಳ ದಿನಾಂಕವನ್ನು ಆಶಾ ಕಾರ್ಯಕರ್ತೆಯರು ಮನೆಯಲ್ಲೇ ಚೀಟಿ ನೋಡಿ ರಿಜಿಸ್ಟರಿಗೆ ಏರಿಸಬೇಕು. ಒಂದು ವರ್ಷದ ನಂತರ, 28ನೇ ದಿನದ ಕಾಲಂ ತುಂಬಿದ ರಿಜಿಸ್ಟರನ್ನು ಮುಂದಿಟ್ಟುಕೊಂಡು ಈ ಅನುಪಾತಗಳನ್ನು ಮತ್ತೆ ಲೆಕ್ಕ ಹಾಕಲಾಗುವುದು.