ಸೀಲಿಂಗ್ ಫ್ಯಾನ್ ಕೆಪಾಸಿಟರ್, 2.5 ಮೈಕ್ರೋಫ್ಯಾರಡ್: ತಾಂತ್ರಿಕ ವಿವರ ಪತ್ರ

ಬಗೆ: ಮೆಟಲೈಸ್ಡ್ ಪಾಲಿಪ್ರೊಪಿಲೀನ್ ಫಿಲ್ಮ್, ಪ್ಲಾಸ್ಟಿಕ್ ಡಬ್ಬಿ, ಎರಡು ವೈರ್
ಧಾರಕತೆ: 2.5 ಮೈಕ್ರೋಫ್ಯಾರಡ್ ±5% (2.375ರಿಂದ 2.625)
ವೋಲ್ಟೇಜ್: 440 ವೋಲ್ಟ್ ಎ.ಸಿ., 50 ಹರ್ಟ್ಜ್

ಮನೆಗೆ ಬರುವುದು 230 ವೋಲ್ಟ್ ತಾನೇ ಎಂದು 250 ವೋಲ್ಟಿನದನ್ನು ಹಾಕಬೇಡಿ. ಸ್ಟಾರ್ಟಿಂಗ್ ವೈಂಡಿಂಗ್ ಜೊತೆ ಸರಣಿಯಲ್ಲಿರುವುದರಿಂದ ಕೆಪಾಸಿಟರ್ ಮೇಲೆ ಅದಕ್ಕಿಂತ ಹೆಚ್ಚು ವೋಲ್ಟೇಜ್ ಬೀಳುತ್ತದೆ.

ಕರೆಂಟ್: 440 ವೋಲ್ಟಿನಲ್ಲಿ ಸುಮಾರು 0.35 ಆಂಪಿಯರ್

ಪರೀಕ್ಷೆ (25 ಡಿಗ್ರಿ ಸೆಲ್ಸಿಯಸ್):
ವೈರ್‌ಗಳ ನಡುವೆ 880 ವೋಲ್ಟ್ ಎ.ಸಿ., 2 ಸೆಕೆಂಡ್
ವೈರ್ ಮತ್ತು ಡಬ್ಬಿಯ ನಡುವೆ 2000 ವೋಲ್ಟ್ ಎ.ಸಿ., 60 ಸೆಕೆಂಡ್
ಧಾರಕತೆಯನ್ನು ಅಳೆಯುವುದು ಇವೆರಡೂ ಮುಗಿದ ಮೇಲೆ.

ಬಳಕೆಯ ಮಿತಿ: ಡಬ್ಬಿಯ ಉಷ್ಣತೆ −25ರಿಂದ +70 ಡಿಗ್ರಿ ಸೆಲ್ಸಿಯಸ್; ವೋಲ್ಟೇಜ್ 484 ಮೀರಬಾರದು.

ಡಿ.ಸಿ. ಸರ್ಕ್ಯೂಟಿಗಲ್ಲ. ಒಳಗೆ ಡಿಸ್ಚಾರ್ಜ್ ರೆಸಿಸ್ಟರ್ ಇಲ್ಲ. ಸ್ವಿಚ್ ಆರಿಸಿದ ಮೇಲೂ ವೈರ್ ಮುಟ್ಟುವ ಮುನ್ನ ಡಿಸ್ಚಾರ್ಜ್ ಮಾಡಿ.