30×40 ನಿವೇಶನದ ಮನೆ, ದಾವಣಗೆರೆ: ಕೆಲಸದ ವೇಳಾಪಟ್ಟಿ (ಮಾಲೀಕರಿಗೆ ಮತ್ತು ಮೇಸ್ತ್ರಿಗೆ ಒಂದೊಂದು ಪ್ರತಿ)

ನೆಲಮಹಡಿ, ಮೇಲೆ ಮೆಟ್ಟಿಲ ಹೆಡ್‌ರೂಂ. ಸಿಮೆಂಟ್ ಪಿಪಿಸಿ, ಗೋಡೆಗೆ ಸಾಲಿಡ್ ಬ್ಲಾಕ್. ಪಿಪಿಸಿ ನಿಧಾನವಾಗಿ ಬಲಿಯುತ್ತದೆ, ಆದ್ದರಿಂದ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು. ತಾರಸಿಗೆ 14. ಕೆಲಸಗಾರರನ್ನು ಹೆಚ್ಚಿಸಿದರೆ ಕೆಲಸದ ದಿನಗಳು ಕಡಿಮೆಯಾಗಬಹುದು, ಈ ದಿನಗಳು ಆಗುವುದಿಲ್ಲ.

ನವೆಂಬರ್ 3–9. ಮೊದಲು ಸಂಪು. ನೀರು ತುಂಬಿಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಮುಂದಿನ ಎಲ್ಲ ಕ್ಯೂರಿಂಗ್ ಬರೀ ಮಾತಾಗುತ್ತದೆ.

ನವೆಂಬರ್ 10–21. ಮಾರ್ಕಿಂಗ್, ಪಾಯ ಅಗೆತ, 4 ಇಂಚು ಬೆಡ್ ಕಾಂಕ್ರೀಟ್, ಫುಟಿಂಗ್. ಫುಟಿಂಗಿಗೆ 10 ದಿನ ನೀರು.

ನವೆಂಬರ್ 22. ಪ್ಲಿಂತ್‌ವರೆಗೆ ಕಾಲಂ. ಪೆಟ್ಟಿಗೆ 24 ಗಂಟೆ ನಂತರ ಬಿಚ್ಚಬಹುದು. ಬಿಚ್ಚಿದ ಕೂಡಲೇ ಗೋಣಿಚೀಲ ಸುತ್ತಿ 10 ದಿನ ಒದ್ದೆಯಾಗಿಡಿ. ಪೈಪಿನಲ್ಲಿ ಒಂದು ಸಲ ಹೊಡೆದುಹೋದರೆ ಕಾಲಂ ಮೇಲೆ ನೀರು ನಿಲ್ಲುವುದಿಲ್ಲ. ಡಿಸೆಂಬರ್ 3ರ ಮೊದಲು ಮಣ್ಣು ತುಂಬಬಾರದು.

ಡಿಸೆಂಬರ್ 6. ಪ್ಲಿಂತ್ ಬೀಮ್. 10 ದಿನ. ಒಳಗೆ ಮಣ್ಣನ್ನು ಅರ್ಧ ಅಡಿಗೊಂದು ಪದರ ಹಾಕಿ, ನೀರು ಬಿಟ್ಟು ದಿಮ್ಮಸು ಹೊಡೆಯಿರಿ.

ಡಿಸೆಂಬರ್ 12–ಜನವರಿ 10. ಮೇಲಿನ ಕಾಲಂ, ಗೋಡೆ, ಲಿಂಟಲ್. ಗೋಡೆ ದಿನಕ್ಕೆ 5 ಅಡಿಗಿಂತ ಏರಬಾರದು, ಕೆಳಗಿನ ಹಸಿ ಗಾರೆ ಭಾರ ತಾಳುವುದಿಲ್ಲ. ಕಟ್ಟಿದ ಗೋಡೆಗೆ 7 ದಿನ ನೀರು. ಹೊಸದಾಗಿ ಅಚ್ಚಾದ, ಇನ್ನೂ ಹಸಿ ಇರುವ ಬ್ಲಾಕ್ ಬಂದರೆ ಲೋಡ್ ವಾಪಸ್ ಕಳಿಸಿ. ಸಜ್ಜಾ ಮುಂದಕ್ಕೆ ಚಾಚಿದ್ದು, ಅದರ ಪೋಲ್ 14 ದಿನ ಮುಟ್ಟಬೇಡಿ.

ಜನವರಿ 20. ತಾರಸಿ ಮೋಲ್ಡ್. ಹಿಂದಿನ ದಿನ ಕಂಬಿ, ಕರೆಂಟ್ ಪೈಪು ನಾನೇ ನೋಡಿ ಒಪ್ಪಿದ ಮೇಲಷ್ಟೇ ಮಿಕ್ಸರ್ ಕರೆಸಿ. ಬಲ ಪರೀಕ್ಷೆಗೆ ಅದೇ ಕಾಂಕ್ರೀಟಿನಿಂದ 6 ಕ್ಯೂಬ್ ತುಂಬಿಡಬೇಕು: ಮೂರನ್ನು ಜನವರಿ 27ಕ್ಕೆ, ಉಳಿದ ಮೂರನ್ನು ಫೆಬ್ರವರಿ 17ಕ್ಕೆ ಪರೀಕ್ಷೆಗೆ ಕಳಿಸುವುದು. ಮರುದಿನ ಬೆಳಿಗ್ಗೆಯೇ ಗಾರೆಯಲ್ಲಿ ಪುಟ್ಟ ಬದು ಕಟ್ಟಿ ಮಡಿ ಮಾಡಿ, ಫೆಬ್ರವರಿ 3ರವರೆಗೆ ನೀರು ನಿಲ್ಲಿಸಿ. ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವವರು ಬದಲಿಗೆ ಜನ ಬಿಟ್ಟೇ ಹೋಗಬೇಕು. ಒಂದು ಮಧ್ಯಾಹ್ನ ಮಡಿ ಒಣಗಿ ಮತ್ತೆ ನೀರು ಬಿಟ್ಟರೂ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಆಗಲೇ ಎದ್ದಿರುತ್ತದೆ.

ಸೆಂಟ್ರಿಂಗ್ ಬಿಚ್ಚುವುದು. ಸ್ಲ್ಯಾಬಿನ ಅಡಿಯದು ಫೆಬ್ರವರಿ 3, ಬೀಮಿನ ಅಡಿಯದು ಫೆಬ್ರವರಿ 10. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪೋಲಿಗೆ 7 ದಿನ, 6 ಮೀಟರ್‌ವರೆಗಿನ ಬೀಮಿಗೆ 14 ದಿನ ಸಾಕು, ಆದರೆ ಆ ಲೆಕ್ಕ ಸಾಮಾನ್ಯ ಸಿಮೆಂಟಾದ ಓಪಿಸಿಗೆ. ನಮ್ಮದು ಪಿಪಿಸಿ, ಹಾಗಾಗಿ ಒಂದೊಂದು ವಾರ ಸೇರಿಸಿದ್ದೇನೆ. ಸೆಂಟ್ರಿಂಗಿನವರು ಪ್ಲೇಟು ಬೇರೆ ಸೈಟಿಗೆ ಬೇಕೆಂದು 8ನೇ ದಿನಕ್ಕೇ ಫೋನ್ ಮಾಡುತ್ತಾರೆ, ನನಗೆ ಕೊಡಿ.

ಫೆಬ್ರವರಿ 11–26. ಪ್ಯಾರಪೆಟ್, ಹೆಡ್‌ರೂಂ ಗೋಡೆ. 26ಕ್ಕೆ ಹೆಡ್‌ರೂಂ ಮೋಲ್ಡ್, ಮಾರ್ಚ್ 12ರವರೆಗೆ ನೀರು. ಗೋಡೆಯಲ್ಲಿ ಕರೆಂಟ್, ನಲ್ಲಿ ಪೈಪು ಕೂರುವ ತೋಡು ಕೊರೆಯುವುದೆಲ್ಲ 17ರೊಳಗೆ ಮುಗಿಯಲಿ. ಗಿಲಾವಿನ ಮೇಲೆ ಕೊರೆಯುವವರಿಗೆ ಆ ದಿನದ ಕೂಲಿ ಇಲ್ಲ.

ಗಿಲಾವಿಗೆ ಮುಂಚಿನ ಕಾಯುವಿಕೆ. ಸರ್, ನೀವು ಹೆಚ್ಚು ಕೇಳಿದ್ದು ಇದನ್ನೇ. ಗೋಡೆಯ ಕೊನೆಯ ಸಾಲು ಜನವರಿ 10ಕ್ಕೆ, ಅದರ ನೀರು 17ಕ್ಕೆ ನಿಲ್ಲುತ್ತದೆ. ಅಲ್ಲಿಂದ ಒಂದು ತಿಂಗಳು ಬರೀ ಒಣಗಬೇಕು. ಸಿಮೆಂಟ್ ಬ್ಲಾಕ್ ಒಣಗುವಾಗ ಕುಗ್ಗುತ್ತದೆ. ಅದಕ್ಕೆ ಮೊದಲೇ ಗಿಲಾವು ಬಳಿದರೆ ಬ್ಲಾಕಿನ ಸಂದಿ ಸಂದಿಗೂ ಗೆರೆ ಹೊರಗೆ ಕಾಣುತ್ತದೆ. ತಾರಸಿಗೂ 28 ದಿನ ತುಂಬುವುದು ಫೆಬ್ರವರಿ 17ಕ್ಕೇ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಸ್ಲ್ಯಾಬು, ಬೀಮು ತಮ್ಮ ಭಾರಕ್ಕೆ ಒಂದಿಷ್ಟು ಬಾಗಿ ಕೂತ ಮೇಲೆ ಗಿಲಾವು ಹಾಕುವುದೇ ಒಳ್ಳೆಯದು.

ಫೆಬ್ರವರಿ 18–ಮಾರ್ಚ್ 7. ಒಳ ಗಿಲಾವು, ಮೊದಲು ಸೀಲಿಂಗ್. ಕಾಂಕ್ರೀಟಿಗೆ ಕಚ್ಚು ಹೊಡೆಯಿರಿ, ಕಾಲಂ–ಬೀಮು ಗೋಡೆಗೆ ಸೇರುವಲ್ಲಿ ಕೋಳಿ ಬಲೆ ಬಡಿಯಿರಿ. ಸೀಲಿಂಗ್ 6 ಮಿಮೀ, ಗೋಡೆ 12 ಮಿಮೀ. ಗೋಡೆ ಹಿಂದಿನ ಸಂಜೆ ನೆನೆಸಿ, ಬೆಳಿಗ್ಗೆ ತೇವವಿರಲಿ, ನೀರು ಜಿನುಗದಿರಲಿ. ಪ್ರತಿ ಕೋಣೆಗೂ ಮರುದಿನದಿಂದ 7 ದಿನ, ದಿನಕ್ಕೆ ಮೂರು ಸಲ ನೀರು.

ಮಾರ್ಚ್ 8–25. ಬಚ್ಚಲಿಗೆ ವಾಟರ್‌ಪ್ರೂಫಿಂಗ್, 48 ಗಂಟೆ ನೀರು ನಿಲ್ಲಿಸಿ ನೋಡುವುದು. ಆಮೇಲೆ ಟೈಲ್ಸ್.

ಮಾರ್ಚ್ 26–ಏಪ್ರಿಲ್ 12. ಹೊರ ಗಿಲಾವು, ಹೆಡ್‌ರೂಮಿನಿಂದ ಕೆಳಕ್ಕೆ. ಅದರ ಮೋಲ್ಡಿಗೆ 28 ದಿನ ತುಂಬುವುದು 26ಕ್ಕೇ. ಎರಡು ಕೈ, ಒಟ್ಟು 20 ಮಿಮೀ. ಬಿಸಿಲ ಕಾಲ: ನೇರ ಬಿಸಿಲು ಬೀಳುವ ಗೋಡೆಗೆ ಮಧ್ಯಾಹ್ನ ಕೈ ಹಾಕಬೇಡಿ, ನೆರಳು ಬಂದ ಕಡೆ ಹೋಗಿ. ನೀರು ಏಪ್ರಿಲ್ 19ರವರೆಗೆ.

ಪುಟ್ಟಿ, ಪೇಂಟ್. ಒಳಗೆ ಏಪ್ರಿಲ್ 11ರಿಂದ, ಹೊರಗೆ ಮೇ 17ರಿಂದ. ಒಳಗಿನ ಗಿಲಾವಿಗೆ ನೀರು ನಿಂತದ್ದು ಮಾರ್ಚ್ 14ಕ್ಕೆ, ಅಲ್ಲಿಂದ ನಾಲ್ಕು ವಾರ. ಹೊರಗೂ ಅದೇ ಲೆಕ್ಕ. ತೇವ ಒಳಗಿರುವಾಗ ಬಣ್ಣ ಹೊಡೆದರೆ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಗೃಹಪ್ರವೇಶಕ್ಕೆ ನೀವು ಕೇಳಿದ ಏಪ್ರಿಲ್ 20ರ ಮುಹೂರ್ತ ಆಗದು ಸರ್. ಹೊರಗೋಡೆಗೆ ನೀರು ನಿಂತು ಒಂದೇ ದಿನ ಆಗಿರುತ್ತದೆ. ಜೋಯಿಸರ ಹತ್ತಿರ ಮೇ 25ರ ನಂತರದ ದಿನ ಕೇಳಿಸಿ. ಮೊದಲೇ ಹಾಲುಕ್ಕಿಸಲೇಬೇಕೆಂದರೆ ಅಡುಗೆಮನೆ, ದೇವರಮನೆಗೆ ಮಾತ್ರ ಬಣ್ಣ ಮುಗಿಸಿ ಕೊಡುತ್ತೇನೆ, ಆದರೆ ವಾಸಕ್ಕೆ ಬರುವುದು ಮೇ ಕೊನೆಗೇ.