ವೈದ್ಯಕೀಯ ನಿರ್ಲಕ್ಷ್ಯ: ಸಮಸ್ಯಾ ಪ್ರಶ್ನೆ (20 ಅಂಕ)

ಗಿರಿಜಾ ಹಾಸನದಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಾರೆ. ಪಿತ್ತಕೋಶದ ಕಲ್ಲಿಗೆಂದು ಊರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದರು. ಯಾವ ಸರ್ಜನ್ ಎಂದು ಅವರು ಆರಿಸಲಿಲ್ಲ, ಆಸ್ಪತ್ರೆಯೇ ಡಾ. ಪ್ರಸಾದ್ ಅವರನ್ನು ಕರೆಸಿತು. ಪ್ರಸಾದ್ ಸಂಬಳದ ನೌಕರರಲ್ಲ, ಆಪರೇಷನ್‌ಗೆ ಇಷ್ಟು ಎಂದು ಹಣ ಪಡೆಯುವ ವಿಸಿಟಿಂಗ್ ಸರ್ಜನ್. ಬಿಲ್ ಪೂರ್ತಿ ಆಸ್ಪತ್ರೆಯ ಹೆಸರಿನಲ್ಲೇ ಬಂತು.

ಲ್ಯಾಪರೋಸ್ಕೋಪಿ ಮಾಡುವಾಗ ಒಳಗೆ ಊತದಿಂದ ಎಲ್ಲ ಅಂಟಿಕೊಂಡಿತ್ತು. ಪಿತ್ತಕೋಶದ ನಾಳ ಎಂದುಕೊಂಡು ಪ್ರಸಾದ್ ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿ ಕತ್ತರಿಸಿದರು. ಆಗ ಅದು ಯಾರಿಗೂ ತಿಳಿಯಲಿಲ್ಲ. ಕತ್ತರಿಸುವ ಮೊದಲು ನಾಳಗಳನ್ನು ಬಿಡಿಸಿ ಗುರುತಿಸಿದ ಬಗ್ಗೆ ಆಪರೇಷನ್ ನೋಟ್ಸ್‌ನಲ್ಲಿ ಒಂದು ಸಾಲೂ ಇಲ್ಲ.

ಮರುದಿನವೇ ಹೊಟ್ಟೆನೋವು, ಜ್ವರ. ಮೂರನೇ ದಿನ ಕಣ್ಣು ಹಳದಿಯಾಯಿತು. ನರ್ಸ್ ಎರಡು ಸಲ ಡ್ಯೂಟಿ ಡಾಕ್ಟರ್‌ಗೆ ಹೇಳಿದ್ದು ಕೇಸ್ ಶೀಟ್‌ನಲ್ಲಿದೆ. ಆಸ್ಪತ್ರೆಯ ನೌಕರರಾದ ಆ ಡಾಕ್ಟರ್ "ಗ್ಯಾಸ್ ಇರಬೇಕು" ಎಂದು ಮಾತ್ರೆ ಬರೆದರು. ಸ್ಕ್ಯಾನ್ ಮಾಡಿಸಲಿಲ್ಲ, ಪ್ರಸಾದ್‌ಗೆ ಫೋನ್ ಕೂಡ ಮಾಡಲಿಲ್ಲ. ಆರನೇ ದಿನ ಮನೆಯವರೇ ಗಿರಿಜಾರನ್ನು ಬೆಂಗಳೂರಿಗೆ ಕರೆದೊಯ್ದರು. ಅಲ್ಲಿ ಪಿತ್ತನಾಳವನ್ನು ಕರುಳಿಗೆ ಜೋಡಿಸುವ ದೊಡ್ಡ ಆಪರೇಷನ್ ಆಯಿತು. ಅಂಗಡಿ ನಾಲ್ಕು ತಿಂಗಳು ಮುಚ್ಚಿತ್ತು.

ಜಿಲ್ಲಾ ಗ್ರಾಹಕ ಆಯೋಗದಲ್ಲಿ ಗಿರಿಜಾ ಪರ ಸಾಕ್ಷಿ ಹೇಳಿದವರು ಒಬ್ಬ ನಿವೃತ್ತ ಪ್ರೊಫೆಸರ್. ನಾಳ ಯಾವುದೆಂದು ಸ್ಪಷ್ಟವಾಗದಿದ್ದರೆ ಹೊಟ್ಟೆ ತೆರೆದೇ ಆಪರೇಷನ್ ಮಾಡಬೇಕಿತ್ತು ಎಂದರು. ಅವರು ಲ್ಯಾಪರೋಸ್ಕೋಪಿ ಬಿಟ್ಟು ಬಹಳ ವರ್ಷ ಆಗಿದೆ. ಎದುರು ಪಕ್ಷದ ತಜ್ಞರು ಈಗಲೂ ಆಪರೇಷನ್ ಮಾಡುವವರು. ನುರಿತವರ ಕೈಯಲ್ಲೂ ಆಗುವ ತೊಡಕು ಇದು ಎಂದರು. ಆದರೆ ನಾಳ ಗುರುತಿಸದೆ ಕತ್ತರಿಸಬಾರದು ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಆಪರೇಷನ್ ನಂತರದ ವಿಳಂಬದ ಬಗ್ಗೆ ಇಬ್ಬರೂ ಏನೂ ಹೇಳಲಿಲ್ಲ. ಪ್ರಸಾದ್ ಹೊರಗಿನವರು, "ಸರ್ಜನ್ ತಪ್ಪಿಗೆ ನಾವು ಹೊಣೆಯಲ್ಲ" ಎಂಬ ಫಾರ್ಮ್‌ಗೆ ಗಿರಿಜಾ ಸಹಿ ಹಾಕಿದ್ದಾರೆ ಎಂಬುದು ಆಸ್ಪತ್ರೆಯ ವಾದ.

ಗಿರಿಜಾ ಅವರಿಗೆ ಸಲಹೆ ಕೊಡಿ.

ನಾಳ ಕತ್ತರಿಸಿದ್ದು ಮತ್ತು ಆಮೇಲೆ ಸುಮ್ನೆ ಬಿಟ್ಟಿದ್ದು, ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ. ಫಲಿತಾಂಶ ಕೆಟ್ಟದ್ದು ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯ ಎನ್ನುವ ಉತ್ತರಕ್ಕೆ ಅಂಕ ಸಿಗುವುದಿಲ್ಲ. ಬೋಲಂ ಪರೀಕ್ಷೆಯನ್ನು ನಮ್ಮ ಸುಪ್ರೀಂ ಕೋರ್ಟ್ ಜೇಕಬ್ ಮ್ಯಾಥ್ಯೂ (2005) ಪ್ರಕರಣದಲ್ಲಿ ಒಪ್ಪಿದೆ. ಹಾಗಾದರೆ ಎದುರು ತಜ್ಞರ ಅಭಿಪ್ರಾಯವೊಂದೇ ಪ್ರಸಾದ್‌ರನ್ನು ಉಳಿಸುತ್ತದೆಯೇ? ಅವರೇ ಒಪ್ಪಿಕೊಂಡ ಮಾತಿಗೂ ನೋಟ್ಸ್‌ನ ಮೌನಕ್ಕೂ ಎಷ್ಟು ತೂಕ ಕೊಡುತ್ತೀರಿ? ಹೆಚ್ಚು ಅಂಕ ಇರುವುದು ಇಲ್ಲೇ.

ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂದ ವಿ. ಕಿಷನ್ ರಾವ್ (2010) ತೀರ್ಪು ವಿಳಂಬದ ಭಾಗಕ್ಕೆ ಅನ್ವಯಿಸುತ್ತದೆಯೇ, ಚರ್ಚಿಸಿ. ಆಸ್ಪತ್ರೆಯ ಹೊಣೆಗೆ ಸವಿತಾ ಗರ್ಗ್ (2004) ಬಳಸಿ. ಸಹಿ ಹಾಕಿಸಿಕೊಂಡ ಫಾರ್ಮ್ ಆ ಹೊಣೆಯನ್ನು ತಪ್ಪಿಸಬಲ್ಲದೇ? ದೂರಿನಲ್ಲಿ ಪ್ರಸಾದ್‌ರನ್ನು ಸೇರಿಸದೆ ಆಸ್ಪತ್ರೆಯನ್ನು ಮಾತ್ರ ಎದುರುದಾರರನ್ನಾಗಿ ಮಾಡಿದ್ದರೆ ನಿಮ್ಮ ಉತ್ತರ ಬದಲಾಗುತ್ತಿತ್ತೇ?